ಒಳಗಿನ ಪ್ರಾಜೆಕ್ಟ್‌ಗೆ ಗುಟ್ಟು ಬಿಡದ ಹೆಸರು: ಮೊದಲು ಪಟ್ಟಿ, ಆಮೇಲೆ ಪ್ರಾಜೆಕ್ಟ್

ವಸಂತನರಸಾಪುರದ ಕಾರ್ಖಾನೆಯಾಗಲಿ, ಕೋಲಾರದ ನರಸಾಪುರದ್ದಾಗಲಿ, ಗೌರಿಬಿದನೂರಿನದ್ದಾಗಲಿ, ಒಳಗಿನ ಪ್ರಾಜೆಕ್ಟ್‌ಗೆ ಹೆಸರಿಡುವಾಗ ಆಗುವ ಎಡವಟ್ಟು ಒಂದೇ ತರಹದ್ದು. ಪ್ರಾಜೆಕ್ಟ್ ಏನೆಂದು ಪೂರ್ತಿ ಗೊತ್ತಿರುವ ನಾಲ್ಕು ಜನ ಮೇಜಿನ ಸುತ್ತ ಕೂತು ‘ಇದಕ್ಕೊಂದು ಒಳ್ಳೆ ಹೆಸರು ಹೇಳ್ರಪ್ಪ’ ಅನ್ನುತ್ತಾರೆ. ತಲೆಯಲ್ಲಿ ಇರುವುದೇ ಬಾಯಿಗೆ ಬರುತ್ತದೆ. ಹಾಗೆ ಹುಟ್ಟಿದ ಹೆಸರಿನಲ್ಲಿ ಊರೋ, ಗಿರಾಕಿಯೋ, ಉದ್ದೇಶವೋ ಎಲ್ಲೋ ಒಂದು ಕಡೆ ಇಣುಕುತ್ತಿರುತ್ತದೆ. ವಾರ ಕಳೆಯುವಷ್ಟರಲ್ಲಿ ಕ್ಯಾಂಟೀನಿನಲ್ಲಿ ಅದರ ಅರ್ಥ ಬಿಡಿಸಿಟ್ಟಿರುತ್ತಾರೆ.

ಆದ್ದರಿಂದ ಇಲ್ಲಿ ಕ್ರಮವನ್ನೇ ತಿರುವಿ ಹಾಕಿದೆ. ಯಾವ ಪ್ರಾಜೆಕ್ಟೂ ಇಲ್ಲದ ದಿನ ಹೆಸರುಗಳ ಪಟ್ಟಿ ಮಾಡಿ, ಪರೀಕ್ಷೆಗಳನ್ನೆಲ್ಲ ಮುಗಿಸಿ ಇಟ್ಟುಕೊಳ್ಳಬೇಕು. ಪ್ರಾಜೆಕ್ಟ್ ಬಂದ ದಿನ ಚೀಟಿ ಎತ್ತಬೇಕು, ಅಷ್ಟೇ. ಬೇಕಾಗುವ ಸಾಮಾನು ಒಂದು ಎಕ್ಸೆಲ್ ಹಾಳೆ, ಬೀರುವಿನಲ್ಲಿ ಇಡುವ ಒಂದು ನೋಟ್‌ಬುಕ್ಕು, ಮತ್ತು ಈ ಗುಟ್ಟುಗಳೊಂದೂ ಗೊತ್ತಿಲ್ಲದ ಇಬ್ಬರು ಮೂವರು.

ಉದಾಹರಣೆಗೆ ತುಮಕೂರಿನ ಹತ್ತಿರ ವಾಹನಗಳ ಪ್ರೆಸ್ ಪಾರ್ಟ್ಸ್ ಮಾಡುವ ಒಂದು ಕಾರ್ಖಾನೆ ಇದೆ ಎಂದಿಟ್ಟುಕೊಳ್ಳೋಣ. ಅವರ ಕೈಯಲ್ಲಿ ಮೂರು ವಿಷಯಗಳಿವೆ. ಒಂದು, ಶಿರಾ ಕಡೆ ಎರಡನೇ ಘಟಕಕ್ಕೆ ಜಮೀನು ನೋಡುವುದು. ಎರಡು, ಹೊಸ ಗಿರಾಕಿಯ ಇನ್ನೂ ಬಿಡುಗಡೆಯಾಗದ ಗಾಡಿಗೆ ಒಂದು ಬ್ರಾಕೆಟ್. ಗಿರಾಕಿಯ ಹೆಸರು ಹೇಳುವುದಿಲ್ಲ ಎಂದು ಸಹಿ ಹಾಕಿ ಕೊಟ್ಟಾಗಿದೆ. ಮೂರು, ಹಳೆಯ ಪ್ಲೇಟಿಂಗ್ ವಿಭಾಗ ಮುಚ್ಚಿ ಆ ಕೆಲಸವನ್ನು ಹೊರಗೆ ಕೊಡುವ ಯೋಚನೆ. ಮ್ಯಾನೇಜರ್ ಸೂಚಿಸಿದ ಹೆಸರುಗಳು ಕ್ರಮವಾಗಿ ‘ಮರಡಿ’, ‘ಗರುಡ’, ‘ನವಚೈತನ್ಯ’. ಮೂರೂ ಯಾಕೆ ಬೇಡ ಅನ್ನುವುದು ಮುಂದೆ ತಾನಾಗಿ ಗೊತ್ತಾಗುತ್ತದೆ.

## ಹಂತ 1: ಗುಟ್ಟಿನ ಹೆಸರು ಬೇಕೇ ಬೇಕೇ?

ಬಹಳಷ್ಟು ಕೆಲಸಕ್ಕೆ ಬೇಡ. ಕ್ಯಾಂಟೀನಿನ ಚಾವಣಿ ರಿಪೇರಿಯನ್ನು ‘ಕ್ಯಾಂಟೀನ್ ಚಾವಣಿ’ ಎಂದೇ ಕರೆಯಿರಿ. ಸಂಬಳದ ಸಾಫ್ಟ್‌ವೇರ್ ಬದಲಾಯಿಸುವುದಿದ್ದರೆ ‘ಹೊಸ ಪೇರೋಲ್’ ಸಾಕು. ಗುಟ್ಟಿನ ಹೆಸರಿಗೆ ಒಂದು ಖರ್ಚಿದೆ: ಹೊಸದಾಗಿ ಸೇರಿದವನಿಗೆ ಅದು ಏನೆಂದು ಯಾರಾದರೂ ಹೇಳಿಕೊಡಬೇಕು, ಹೇಳಿಕೊಡುವವನು ರಜೆಯಲ್ಲಿದ್ದರೆ ಕೆಲಸ ನಿಲ್ಲುತ್ತದೆ.

ಕೇಳಿಕೊಳ್ಳಬೇಕಾದ್ದು ಇಷ್ಟೇ: ಈ ವಿಷಯ ಇವತ್ತೇ ಹೊರಗೆ ಬಿದ್ದರೆ ಯಾರಿಗೆ, ಏನು ನಷ್ಟ? ಜಮೀನಿನ ಸುದ್ದಿ ಹೊರಬಿದ್ದರೆ ಮರುದಿನವೇ ಎಕರೆಯ ಬೆಲೆ ಏರುತ್ತದೆ. ಬ್ರಾಕೆಟ್ಟಿನ ಸುದ್ದಿ ಬಿದ್ದರೆ ಕೊಟ್ಟ ಮಾತು ಮುರಿದಂತೆ. ಪ್ಲೇಟಿಂಗ್ ವಿಷಯ ಇನ್ನೂ ತೀರ್ಮಾನವೇ ಆಗಿಲ್ಲ, ಅರ್ಧಂಬರ್ಧ ಸುದ್ದಿ ಹೋದರೆ ಕೆಲಸಗಾರರಿಗೆ ಸುಮ್ಮನೆ ದಿಗಿಲು. ಹೀಗೆ ನಷ್ಟವನ್ನು ಒಂದು ವಾಕ್ಯದಲ್ಲಿ ಬರೆಯಲು ಆಗುವುದಾದರೆ ಹೆಸರು ಬೇಕು. ಆಗದಿದ್ದರೆ ಅದು ಬರೀ ಶೋಕಿ.

## ಹಂತ 2: ಹೆಸರುಗಳ ಗುಂಪನ್ನು ಆರಿಸುವುದು

ಬಿಡಿ ಬಿಡಿ ಪದಗಳನ್ನು ಹುಡುಕಬೇಡಿ, ಒಂದು ಗುಂಪು ಹಿಡಿಯಿರಿ. ಗುಂಪಿನ ಹೆಸರು ಕೇಳಿದ ಕೂಡಲೇ ‘ಓ, ಇದು ಒಳಗಿನ ಪ್ರಾಜೆಕ್ಟ್’ ಎಂದು ಸಂಬಂಧಪಟ್ಟವರಿಗೆ ಹೊಳೆಯುತ್ತದೆ. ಅದಕ್ಕಿಂತ ಹೆಚ್ಚು ಏನೂ ಹೊಳೆಯಬಾರದು. ಗುಂಪಿನಲ್ಲಿ ಅರವತ್ತು ಪದಗಳಾದರೂ ಸಿಗಬೇಕು, ಜರಡಿಯಲ್ಲಿ ಎಷ್ಟೋ ಉದುರಿಹೋಗುತ್ತವೆ. ಪದಗಳ ನಡುವೆ ಮೇಲು ಕೀಳು, ಹಿಂದು ಮುಂದು ಇರಬಾರದು. ಚಿನ್ನ, ಬೆಳ್ಳಿ, ಕಂಚು ಅಂದರೆ ಯಾವುದಕ್ಕೆ ದುಡ್ಡು ಜಾಸ್ತಿ ಎಂದು ಹೇಳಿದಂತಾಯಿತು. ವಾರಗಳ ಹೆಸರಿಟ್ಟರೆ ಎಷ್ಟನೇ ಪ್ರಾಜೆಕ್ಟ್ ಎಂದು ಎಣಿಸಿಬಿಡುತ್ತಾರೆ.

ನಮ್ಮ ಕಡೆ ಸುಲಭವಾಗಿ ಬಾಯಿಗೆ ಬರುವ, ಆದರೆ ಬಿಡಬೇಕಾದ ಗುಂಪುಗಳು ಕೆಲವಿವೆ.

ದೇವರ ಹೆಸರು ಬೇಡ. ‘ಈ ತಿಂಗಳಿಂದ ಚಾಮುಂಡಿ ಬಂದ್’ ಎಂದು ನೋಟಿಸ್ ಹಾಕುವ ದಿನ ಬರುತ್ತದೆ, ಆಗ ಸಹಿ ಹಾಕಲು ಯಾರೂ ಮುಂದೆ ಬರುವುದಿಲ್ಲ. ದೇವರುಗಳ ಹೆಸರಿಗೆ ಕಥೆ ಅಂಟಿಕೊಂಡಿರುತ್ತದೆ, ಕಥೆಯಿಂದ ಸುಳಿವು ಸಿಗುತ್ತದೆ. ಎರಡನೇ ಮಹಾಯುದ್ಧದಲ್ಲಿ, 1940ರಲ್ಲಿ, ಬಾಂಬರ್ ವಿಮಾನಕ್ಕೆ ದಾರಿ ತೋರಿಸುವ ಒಂದು ರೇಡಿಯೋ ಸಾಧನವನ್ನು ಜರ್ಮನ್ನರು ‘ವೋಟಾನ್’ ಎಂದು ಕರೆದಿದ್ದರು. ವೋಟಾನ್ ಒಂಟಿಗಣ್ಣಿನ ದೇವರು. ಆ ಸುಳಿವು ಹಿಡಿದು ಬ್ರಿಟನ್ನಿನ ಆರ್.ವಿ. ಜೋನ್ಸ್, ಇದು ಒಂದೇ ಕಿರಣದಿಂದ ನಡೆಯುವ ಸಾಧನ ಇರಬೇಕು ಎಂದು ಊಹಿಸಿದರು. ಊಹೆ ಸರಿಯಾಗಿತ್ತು. ನಮ್ಮ ‘ಗರುಡ’ವೂ ಇದೇ ಜಾತಿ: ರೆಕ್ಕೆ, ವೇಗ, ವಾಹನ. ವಾಹನದ ಬಿಡಿಭಾಗಕ್ಕೆ ವಾಹನದ ಹೆಸರನ್ನೇ ಇಟ್ಟ ಹಾಗೆ.

ಬದುಕಿರುವ ವ್ಯಕ್ತಿಗಳ ಹೆಸರಂತೂ ಬೇಡವೇ ಬೇಡ. ಆ್ಯಪಲ್ ಎಂಜಿನಿಯರುಗಳು 1994ರಲ್ಲಿ ಬಂದ ಪವರ್ ಮ್ಯಾಕಿಂಟಾಷ್ 7100ಕ್ಕೆ ಒಳಗೊಳಗೆ ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ಅವರ ಹೆಸರಿಟ್ಟಿದ್ದರು. ಪ್ರೀತಿಯಿಂದಲೇ ಇಟ್ಟದ್ದಿರಬಹುದು. ಸುದ್ದಿ ಪತ್ರಿಕೆಗೆ ಬಂತು, ಸೇಗನ್ ಆಕ್ಷೇಪಿಸಿದರು, ವಿಷಯ ಕೋರ್ಟಿನ ತನಕ ಹೋಯಿತು.

ಊರಿನ ಹೆಸರುಗಳ ವಿಷಯ ಸ್ವಲ್ಪ ಸೂಕ್ಷ್ಮ. ಇಂಟೆಲ್ ಕಂಪನಿ ಚಿಪ್‌ಗಳಿಗೆ ಊರು, ನದಿ, ಸರೋವರಗಳ ಹೆಸರಿಡುತ್ತದೆ, ಅವರಿಗೆ ಅದು ಒಗ್ಗುತ್ತದೆ. ಚಿಪ್ಪು ಯಾವ ಊರಿಗೂ ಹೋಗಿ ಜಮೀನು ಕೊಳ್ಳುವುದಿಲ್ಲ. ನಮ್ಮ ಉದಾಹರಣೆಯ ಕಾರ್ಖಾನೆಗೆ ಜಮೀನು ಬೇಕಿದೆ. ಅಲ್ಲಿ ಪ್ರಾಜೆಕ್ಟ್‌ಗೆ ಮಧುಗಿರಿ, ಕುಣಿಗಲ್ ಎಂದು ಹೆಸರಿಟ್ಟರೆ ಸಂಬಂಧವಿರಲಿ ಬಿಡಲಿ, ಮಧುಗಿರಿಯಲ್ಲಿ ಘಟಕ ಬರುತ್ತದಂತೆ ಎಂದು ಸುದ್ದಿ ಹಬ್ಬುತ್ತದೆ. ಮ್ಯಾನೇಜರ್ ಹೇಳಿದ ‘ಮರಡಿ’ಗೂ ಇದೇ ತೊಂದರೆ: ಮರಡಿ ಅಂದರೆ ದಿಣ್ಣೆ, ಕೇಳಿದವರ ಮನಸ್ಸು ನೇರ ಜಮೀನಿನ ಕಡೆಗೇ ಹೋಗುತ್ತದೆ. ಪಕ್ಷಗಳ ಚಿಹ್ನೆ, ಬಾವುಟಗಳ ಬಣ್ಣ, ಜಾತಿ ಮಠಗಳ ನೆನಪು ತರುವ ಪದಗಳನ್ನು ಯಾಕೆ ಬಿಡಬೇಕು ಎಂದು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಪ್ರೆಸ್ ಪಾರ್ಟ್ಸ್ ಕಾರ್ಖಾನೆಗೆ ಮರಗಳ ಗುಂಪು ಸರಿಹೋಗುತ್ತದೆ. ಅವರ ಕೆಲಸ ಕಬ್ಬಿಣದ್ದು, ಮರಕ್ಕೂ ಅದಕ್ಕೂ ನಂಟಿಲ್ಲ, ಮರಗಳ ಹೆಸರು ಎಲ್ಲರ ಬಾಯಲ್ಲೂ ಇದೆ. ಇದೇ ಗುಂಪನ್ನು ಶ್ರೀನಿವಾಸಪುರದ ಮಾವಿನ ತಿರುಳಿನ ಕಾರ್ಖಾನೆಯವರು ತೆಗೆದುಕೊಳ್ಳಬಾರದು. ಅವರಿಗೆ ಹಕ್ಕಿಗಳೇ ವಾಸಿ.

## ಹಂತ 3: ಪಟ್ಟಿಯನ್ನು ಜರಡಿ ಹಿಡಿಯುವುದು

ಹೆಚ್ಚು ಸಮಯ ಕೊಡಬೇಕಾದ್ದು ಇಲ್ಲಿಗೆ. ಪಟ್ಟಿ ಮಾಡುವವರಿಗೆ ಮುಂದಿನ ಯೋಜನೆಗಳು ಗೊತ್ತಿರಬಾರದು. ಸ್ಟೋರ್ಸ್‌ನವರೊಬ್ಬರು, ಲೆಕ್ಕಪತ್ರದವರೊಬ್ಬರು ಕೂತರೆ ಸಾಕು. ಮೊದಲು ಗೊತ್ತಿರುವ ಮರಗಳನ್ನೆಲ್ಲ ಬರೆದುಕೊಂಡು, ಆಮೇಲೆ ಒಂದೊಂದನ್ನೇ ಗಟ್ಟಿಯಾಗಿ ಹೇಳಿ ನೋಡಬೇಕು. ಬರೆದಾಗ ಸಭ್ಯವಾಗಿ ಕಾಣುವ ಹೆಸರು ಬಾಯಲ್ಲಿ ಏನಾಗುತ್ತದೆ ಎಂಬುದು ಹೇಳಿದಾಗಲೇ ಗೊತ್ತಾಗುವುದು.

ಬಾಯಿ ಪರೀಕ್ಷೆ. ‘ಬಸರಿ’ ಒಳ್ಳೆಯ ಮರವೇ, ಆದರೆ ‘ಬಸರಿ ಎಲ್ಲೀವರೆಗೆ ಬಂತು?’ ಎಂದು ಫೋನಿನಲ್ಲಿ ಕೇಳಿದರೆ ಪಕ್ಕದ ಸೀಟಿನವರು ತಿರುಗಿ ನೋಡುತ್ತಾರೆ. ‘ಬನ್ನಿ ಮೀಟಿಂಗ್ ಇದೆ, ಬನ್ನಿ’ ಎಂದರೆ ಸಭೆಗಿಂತ ಮೊದಲು ನಗು. ‘ಕಕ್ಕೆ’ಗೆ ಮಕ್ಕಳಿರುವ ಮನೆಯವರು ಯಾರೂ ಒಪ್ಪುವುದಿಲ್ಲ. ‘ತೇಗ’ ಊಟವಾದ ಮೇಲಿನದ್ದು, ‘ಜಾಲಿ’ ಅಂದರೆ ಮಜಾ. ನಗು ಬರುವ ಹೆಸರು ನೆನಪಿನಲ್ಲಿ ಉಳಿಯುತ್ತದಲ್ಲ ಎಂದು ವಾದಿಸುವವರಿದ್ದಾರೆ. ಉಳಿಯುತ್ತದೆ ನಿಜ, ಆದರೆ ಹೊರಗಿನವರ ಬಾಯಲ್ಲೂ ಉಳಿಯುತ್ತದೆ.

ಅಕ್ಕಪಕ್ಕದ ಭಾಷೆಗಳು. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆಯಿಂದ ಬರುವವರ ಮನೆಮಾತು ಎಷ್ಟೋ ಸಲ ತೆಲುಗು. ಶಾಪ್ ಫ್ಲೋರಿನಲ್ಲಿ ಉರ್ದು, ಹಿಂದಿ, ತಮಿಳು ಎಲ್ಲವೂ ಇವೆ. ಪ್ರತಿ ಭಾಷೆಯವರೊಬ್ಬರಿಗೆ ಪಟ್ಟಿ ಓದಿ ಹೇಳಿ. ‘ಮತ್ತಿ’ಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ತೆಲುಗಿನವರು ‘ಮಟ್ಟಿ’, ಅಂದರೆ ಮಣ್ಣು ಎಂದು ಓದಬಹುದು. ಜಮೀನಿನ ಪ್ರಾಜೆಕ್ಟ್‌ಗೇ ಆ ಹೆಸರು ಬಿದ್ದರೆ ಕಥೆ ಮುಗಿಯಿತು.

ಕೀಬೋರ್ಡ್ ಪರೀಕ್ಷೆ. ಹೆಸರು ಬದುಕುವುದು ಇಮೇಲ್ ಮತ್ತು ಫೈಲಿನಲ್ಲಿ, ಅಲ್ಲಿ ಬರೆಯುವುದು ಇಂಗ್ಲಿಷ್ ಅಕ್ಷರದಲ್ಲೇ. ಮೂವರಿಗೆ ಹೆಸರು ಹೇಳಿ, ಟೈಪ್ ಮಾಡಲು ಹೇಳಿ. ‘ಮುತ್ತುಗ’ವನ್ನು ಒಬ್ಬರು `Muttuga` ಎಂದೂ ಇನ್ನೊಬ್ಬರು `Muthuga` ಎಂದೂ ಬರೆದರೆ ಮುಂದೆ ಹುಡುಕಿದಾಗ ಅರ್ಧ ಫೈಲು ಸಿಗುವುದಿಲ್ಲ. ‘ಬೀಟೆ’ `Bite` ಆಗಿಬಿಡುತ್ತದೆ. `Nerale`, `Halasu`, `Anjura` ಇಂಥವನ್ನು ಬಹುಪಾಲು ಜನ ಒಂದೇ ತರಹ ಬರೆಯುತ್ತಾರೆ.

ಊಹೆಯ ಪರೀಕ್ಷೆ. ಐದು ಹೆಸರನ್ನು ಒಟ್ಟಿಗೆ ಓದಿ, ‘ಇವು ಪ್ರಾಜೆಕ್ಟ್ ಹೆಸರಾದರೆ ಯಾವ ಪ್ರಾಜೆಕ್ಟ್ ಇರಬಹುದು?’ ಎಂದು ಮೂವರನ್ನು ಬೇರೆ ಬೇರೆಯಾಗಿ ಕೇಳಿ. ಇಬ್ಬರ ಉತ್ತರ ಒಂದೇ ಬಂದರೆ ಆ ಹೆಸರನ್ನು ಹೊಡೆದುಹಾಕಿ. ಊಹೆ ಸರಿಯೋ ತಪ್ಪೋ ಮುಖ್ಯವಲ್ಲ. ಎಲ್ಲರೂ ಒಂದೇ ಕಡೆ ಊಹಿಸುವ ಹೆಸರು ಖಾಲಿಯಲ್ಲ ಎಂದೇ ಅರ್ಥ. ವಾಹನದ ಬಿಡಿಭಾಗ ಮಾಡುವ ಕಡೆ ‘ಹೊಂಗೆ’ ಅಂದರೆ ‘ಹೋಂಡಾದವರ ಕೆಲಸವಾ?’ ಎಂದು ಕೇಳಿಯೇ ಕೇಳುತ್ತಾರೆ. ‘ಸೀಬೆ’ ಅಂದರೆ ತುಮಕೂರಿನವರಿಗೆ ಶಿರಾ ರಸ್ತೆಯ ಸೀಬಿ ನರಸಿಂಹಸ್ವಾಮಿ ದೇವಸ್ಥಾನ ನೆನಪಾಗುತ್ತದೆ. ‘ಸಂಪಿಗೆ’ ತುರುವೇಕೆರೆ ಕಡೆಯ ಊರು.

ಈ ಪರೀಕ್ಷೆಯನ್ನು ಪ್ರಾಜೆಕ್ಟ್ ಬಂದ ಮೇಲೆ ಮಾಡಬಾರದು. ಆಗ ‘ಏನೋ ನಡೀತಿದೆ’ ಎಂಬುದೇ ಸುದ್ದಿಯಾಗುತ್ತದೆ. ಪ್ರಾಜೆಕ್ಟೇ ಇಲ್ಲದಾಗ ಕೇಳಿದರೆ ಅದು ಬರೀ ಆಟ.

ಕೊನೆಗೆ ಮರುದಿನ ಅದೇ ಮೂವರನ್ನು ‘ನಿನ್ನೆಯ ಹೆಸರುಗಳಲ್ಲಿ ಯಾವುದು ನೆನಪಿದೆ?’ ಎಂದು ಕೇಳಿ. ಯಾರಿಗೂ ನೆನಪಾಗದ್ದನ್ನು ತೆಗೆಯಿರಿ. ಎರಡರಿಂದ ನಾಲ್ಕು ಅಕ್ಷರದ, ಕಣ್ಣಿಗೆ ಕಟ್ಟುವ ವಸ್ತುವಿನ ಹೆಸರು ಸಾಮಾನ್ಯವಾಗಿ ಉಳಿಯುತ್ತದೆ. ನೆನಪಿಗೆಂದು ಪಂಚ್ ಹುಡುಕುವುದು ಬೇಡ.

## ಹಂತ 4: ಚೀಟಿ ಎತ್ತುವುದು

ಉಳಿದದ್ದು ನಲವತ್ತು ಹೆಸರು ಎಂದುಕೊಳ್ಳಿ. ಅವು ಎಕ್ಸೆಲ್‌ನಲ್ಲಿ `A2`ಯಿಂದ `A41`ರ ತನಕ ಇದ್ದರೆ, ಬೇರೆ ಕೋಶದಲ್ಲಿ ಹೀಗೆ ಬರೆಯಿರಿ:

```
=INDEX(A2:A41,RANDBETWEEN(1,40))
```

ಒಂದು ಎಚ್ಚರ: ಹಾಳೆಯಲ್ಲಿ ಏನೇ ಬದಲಾಯಿಸಿದರೂ ಈ ಸೂತ್ರ ಮತ್ತೆ ಹೊಸ ಹೆಸರು ಕೊಡುತ್ತದೆ. ಬಂದ ಹೆಸರನ್ನು ಆ ಕ್ಷಣವೇ ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ. ಕಂಪ್ಯೂಟರ್ ಬೇಡವೆಂದರೆ ಕಾಗದದ ಚೀಟಿಯೂ ಅಷ್ಟೇ ಒಳ್ಳೆಯದು.

ಮೊದಲು ಬಂದದ್ದೇ ಅಂತಿಮ. ‘ಇದು ಅಷ್ಟು ಸೂಟ್ ಆಗಲ್ಲ, ಇನ್ನೊಂದು ಎತ್ತಿ’ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಸೂಟ್ ಆಗದಿರುವುದೇ ನಮಗೆ ಬೇಕಾದ್ದು. ಹೊಂದುವ ತನಕ ಎತ್ತುತ್ತಾ ಹೋದರೆ, ಮುಂಬಾಗಿಲಿನಿಂದ ಹೊರಗೆ ಹಾಕಿದ ಅರ್ಥ ಹಿಂಬಾಗಿಲಿನಿಂದ ಒಳಗೆ ಬರುತ್ತದೆ. ಮತ್ತೆ ಎತ್ತಲು ಎರಡೇ ಕಾರಣಗಳು ಇರಲಿ. ಮೊದಲನೆಯದು, ಈಗ ನಡೆಯುತ್ತಿರುವ ಇನ್ನೊಂದು ಪ್ರಾಜೆಕ್ಟ್ ಅದೇ ಅಕ್ಷರದಿಂದ ಶುರುವಾಗುತ್ತಿದ್ದರೆ. ಎರಡನೆಯದು, ಆ ಪ್ರಾಜೆಕ್ಟಿನಿಂದ ಕಷ್ಟಕ್ಕೆ ಬೀಳುವವರಿಗೆ ಮುಂದೆ ಆ ಹೆಸರು ಚುಚ್ಚುವಂತಿದ್ದರೆ. ಎರಡನ್ನೂ ಕಾರಣ ಸಮೇತ ಬರೆದಿಡಬೇಕು.

ನಮ್ಮ ಕಾರ್ಖಾನೆಯಲ್ಲಿ ಜಮೀನಿಗೆ ‘ನೇರಳೆ’ ಬಂತು, ಇರಲಿ. ಬ್ರಾಕೆಟ್ಟಿಗೆ ‘ನೆಲ್ಲಿ’ ಬಂತು. ಪ್ರೆಸ್ ಗುಡುಗುವ ಕಡೆ ನಿಂತು ಫೋನಿನಲ್ಲಿ ಹೇಳಿದರೆ ನೇರಳೆಯೋ ನೆಲ್ಲಿಯೋ ತಿಳಿಯದು, ಆದ್ದರಿಂದ ಮತ್ತೆ ಎತ್ತಿ ‘ಹಲಸು’. ಪ್ಲೇಟಿಂಗಿಗೆ ‘ಅಂಟುವಾಳ’ ಬಂತು. ಜರಡಿಯಲ್ಲಿ ಯಾರಿಗೂ ಅದು ತಪ್ಪೆನಿಸಿರಲಿಲ್ಲ. ಆದರೆ ಅಂಟುವಾಳ ತೊಳೆಯುವ ಕಾಯಿ. ವಿಭಾಗ ಮುಚ್ಚಿದ ಮೇಲೆ ‘ನಮ್ಮನ್ನ ತೊಳೆದು ಹಾಕೋಕೆ ಇಟ್ಟ ಹೆಸರು’ ಎಂದು ಅಲ್ಲಿನವರು ಅಂದರೆ ಉತ್ತರವಿಲ್ಲ. ಕಾರಣ ಬರೆದು ಮತ್ತೆ ಎತ್ತಿದರು, ‘ಅಂಜೂರ’ ಬಂತು.

‘ನವಚೈತನ್ಯ’ ಯಾಕೆ ಬೇಡ ಎಂಬುದೂ ಇಲ್ಲೇ ಇದೆ. ಅದು ಗುಟ್ಟನ್ನು ಕಾಯುತ್ತದೆ ನಿಜ, ಸುಳ್ಳು ಹೇಳಿ ಕಾಯುತ್ತದೆ. ಪ್ಲೇಟಿಂಗಿನವರು ಆ ಹೆಸರನ್ನು ಎಲ್ಲೋ ನೋಡಿ, ನಮಗೆ ಹೊಸ ಟ್ಯಾಂಕು, ಹೊಸ ರೆಕ್ಟಿಫೈಯರು ಬರುತ್ತದೆ ಎಂದುಕೊಳ್ಳಬಹುದು. ಅದನ್ನು ನಂಬಿ ಒಬ್ಬ ಬೇರೆ ಕಡೆಯ ಕೆಲಸ ಬಿಟ್ಟುಕೊಟ್ಟರೆ ಆ ನಷ್ಟ ಹೆಸರಿನಿಂದಾದದ್ದು. ‘ಪ್ಲೇಟಿಂಗ್ ಮೇಂಟೆನೆನ್ಸ್’ ಎಂಬ ಸಪ್ಪೆ ಹೆಸರಿಗೂ ಇದೇ ದೋಷ. ‘ಅಂಜೂರ’ ಏನನ್ನೂ ಹೇಳುವುದಿಲ್ಲ, ಆದ್ದರಿಂದ ಯಾರನ್ನೂ ನಂಬಿಸುವುದೂ ಇಲ್ಲ. ಯಾರಾದರೂ ‘ಅಂಜೂರ ಅಂದ್ರೆ ಏನ್ ಸಾರ್?’ ಎಂದು ನೇರವಾಗಿ ಕೇಳಿದರೆ ‘ಈಗ ಹೇಳಕ್ಕಾಗಲ್ಲ’ ಎನ್ನಬೇಕು. ‘ಏನೋ ಸಣ್ಣ ರಿಪೇರಿ’ ಎನ್ನಬಾರದು.

## ಹಂತ 5: ನೋಟ್‌ಬುಕ್ಕಿನಲ್ಲಿ ದಾಖಲಿಸುವುದು

ಹೆಸರು ಮತ್ತು ಅರ್ಥ ಒಟ್ಟಿಗೆ ಇರುವ ಜಾಗ ಇಡೀ ಕಾರ್ಖಾನೆಯಲ್ಲಿ ಇದೊಂದೇ ಆಗಿರಬೇಕು. ಒಂದು ಪುಟಕ್ಕೆ ಒಂದು ಪ್ರಾಜೆಕ್ಟ್. ಹೆಸರು, ಒಂದೇ ಖಾಯಂ ಇಂಗ್ಲಿಷ್ ಕಾಗುಣಿತ, ವಿಷಯವೇನು, ಹೊಣೆ ಯಾರದು, ಯಾರ್‍ಯಾರಿಗೆ ಯಾವತ್ತು ತಿಳಿಸಲಾಯಿತು, ಮತ್ತೆ ಯಾವತ್ತು ಹೆಸರನ್ನು ಬಿಡುವುದು. ಕೊನೆಯ ಸಾಲನ್ನು ಖಾಲಿ ಬಿಡುವವರೇ ಜಾಸ್ತಿ. ದಿನಾಂಕ ಗೊತ್ತಿಲ್ಲದಿದ್ದರೆ ‘ನೋಂದಣಿ ಆದ ದಿನ’ ಎಂಬಂತೆ ಘಟನೆಯನ್ನಾದರೂ ಬರೆಯಿರಿ.

ಒಮ್ಮೆ ಬಳಸಿದ ಹೆಸರನ್ನು ಮತ್ತೆ ಬಳಸಬೇಡಿ. ಎರಡು ವರ್ಷ ಬಿಟ್ಟು ಇನ್ನೊಂದು ಕೆಲಸಕ್ಕೆ ‘ಹಲಸು’ ಎಂದಿಟ್ಟರೆ ಹಳೆಯ ಮೇಲ್ ಹುಡುಕಿದವರಿಗೆ ಗಿರಾಕಿಯ ಡ್ರಾಯಿಂಗ್ ಸಿಗುತ್ತದೆ.

## ಹಂತ 6: ಹೆಸರು ಸರಿಯಿದ್ದರೂ ಸೋರುವ ಜಾಗಗಳು

ನಲವತ್ತು ಹೆಸರು ಜರಡಿ ಹಿಡಿದವರೇ ಇಲ್ಲಿ ಕೈಬಿಡುತ್ತಾರೆ. ಈ ಫೈಲಿನ ಹೆಸರು ನೋಡಿ:

```
Nerale_Sira_land_survey_v3.xlsx
```

ಮೂರು ಪದದಲ್ಲಿ ಎಲ್ಲ ಮುಗಿಯಿತು. `Nerale_03.xlsx` ಎಂದಿದ್ದರೆ ಸಾಕಿತ್ತು. ವಾಟ್ಸ್‌ಆ್ಯಪ್ ಗುಂಪಿಗೆ ‘ನೇರಳೆ’ ಎಂದು ಹೆಸರಿಟ್ಟು ಡಿಪಿಗೆ ಜಮೀನಿನ ಫೋಟೋ ಹಾಕುವವರಿದ್ದಾರೆ. ಟ್ಯಾಲಿಯಲ್ಲಿ ‘ಅಂಜೂರ’ ಎಂದು ಕಾಸ್ಟ್ ಸೆಂಟರ್ ತೆರೆದು ಅದರ ಮೊದಲ ಬಿಲ್ಲನ್ನೇ ‘ಪ್ಲೇಟಿಂಗ್ ಸ್ಕ್ರ್ಯಾಪ್ ಮೌಲ್ಯಮಾಪನ’ ಎಂದು ಹಾಕಿದರೆ ಲೆಕ್ಕ ಬರೆಯುವ ಹುಡುಗನಿಗೆ ಎರಡೂ ಒಟ್ಟಿಗೆ ಸಿಕ್ಕಿತು. ಕ್ಯಾಲೆಂಡರಿನಲ್ಲಿ ‘ನೇರಳೆ ಸಭೆ’ ಎಂದು ಬರೆದು ಆಹ್ವಾನಿತರಲ್ಲಿ ಸರ್ವೇಯರ್ ಹೆಸರು ಸೇರಿಸಿದರೂ ಅಷ್ಟೇ. ಹೆಸರು ಎಲ್ಲಿ ಕಾಣುತ್ತದೋ ಅಲ್ಲಿ ಅದರ ಪಕ್ಕ ಏನು ಕಾಣುತ್ತಿದೆ ಎಂದು ನೋಡಿ.

ಇದಕ್ಕೆ ಒಂದು ಎಲ್ಲೆಯಿದೆ. ಕೆಐಎಡಿಬಿ ಅರ್ಜಿ, ಬ್ಯಾಂಕಿನ ಸಾಲದ ಕಾಗದ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆಯುವ ಪತ್ರ, ಕೆಲಸಗಾರರಿಗೆ ಕಾನೂನು ಪ್ರಕಾರ ಕೊಡಬೇಕಾದ ನೋಟಿಸ್, ಇವುಗಳಲ್ಲಿ ಗುಟ್ಟಿನ ಹೆಸರು ಬರಕೂಡದು. ಅಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು.

ಸೋರಿದೆ ಎಂದು ಗೊತ್ತಾಗುವುದು ಹೇಗೆ? ಜನ ಹೆಸರನ್ನು ಹೇಳುವಾಗ ದನಿ ತಗ್ಗಿಸಲು ಶುರು ಮಾಡುತ್ತಾರೆ. ಸಂಬಂಧವಿಲ್ಲದವರು ‘ನೇರಳೆ ಯಾವಾಗ ರಿಜಿಸ್ಟ್ರೇಷನ್?’ ಎಂದು ಕೇಳುತ್ತಾರೆ. ಅಥವಾ ಹೆಸರಿಗೇ ಅಡ್ಡಹೆಸರು ಹುಟ್ಟುತ್ತದೆ. ಹೀಗಾದಾಗ ಹೊಸ ಹೆಸರಿಡಲು ಓಡಬೇಡಿ. ಹಳೆಯದೂ ಹೊಸದೂ ಒಂದೇ ಎಂದು ಎರಡು ದಿನದಲ್ಲಿ ತಿಳಿಯುತ್ತದೆ. ಯಾವ ಕಾಗದದಿಂದ ಹೋಯಿತು ಎಂದು ಹುಡುಕಿ ಅದನ್ನು ಮುಚ್ಚಿ, ಸಾಧ್ಯವಾದರೆ ವಿಷಯವನ್ನು ಬಹಿರಂಗ ಮಾಡುವ ದಿನವನ್ನೇ ಮುಂಚೆ ತನ್ನಿ.

ಇನ್ನೊಂದು ಬಗೆಯ ಕೆಡುಕು ನಿಧಾನದ್ದು. ‘ನೇರಳೆ’ ಜಮೀನಿಗೆ ಇಟ್ಟದ್ದು. ಆಮೇಲೆ ಶೆಡ್ಡು, ಟ್ರಾನ್ಸ್‌ಫಾರ್ಮರು, ಹೊಸ ನೇಮಕಾತಿ ಎಲ್ಲವನ್ನೂ ‘ನೇರಳೆ’ ಎನ್ನತೊಡಗುತ್ತಾರೆ. ಇಬ್ಬರು ಕೂತು ಮಾತಾಡಿ, ಒಬ್ಬರು ಜಮೀನಿನ ಹಣಕ್ಕೆ ಒಪ್ಪಿ, ಇನ್ನೊಬ್ಬರು ಶೆಡ್ಡಿನ ಹಣಕ್ಕೆ ಒಪ್ಪಿಗೆ ಸಿಕ್ಕಿತೆಂದು ಎದ್ದು ಹೋಗುತ್ತಾರೆ. ನೋಟ್‌ಬುಕ್ಕಿನ ಪುಟದಲ್ಲಿ ಬರೆದ ವಿಷಯದಿಂದ ಕೆಲಸ ಹೊರಗೆ ಹೋದ ದಿನ ಬೇರೆ ಹೆಸರು ಎತ್ತಿ.

## ಹಂತ 7: ಹೆಸರನ್ನು ಬಿಡುವುದು

ವಿಷಯ ಬಹಿರಂಗವಾದ ದಿನವೇ ಹೆಸರಿನ ಕೆಲಸ ಮುಗಿಯಿತು. ಪ್ಲೇಟಿಂಗ್ ವಿಭಾಗದ ತೀರ್ಮಾನವಾದ ದಿನ ಅಲ್ಲಿನವರನ್ನು ಕರೆದು ಕೂರಿಸಿ ಹೇಳುವಾಗ ‘ಅಂಜೂರ’ ಎಂಬ ಪದ ಬಾಯಿಗೆ ಬರಬಾರದು. ಅವರ ವಿಭಾಗಕ್ಕೆ ಹೆಸರಿದೆ, ಅದನ್ನೇ ಹೇಳಿ. ಆದರೆ ಹಳೆಯ ಕಾಗದಗಳಲ್ಲಿ ಆ ಪದ ನೋಡಿದವರು ಇದ್ದೇ ಇರುತ್ತಾರೆ. ಆದ್ದರಿಂದ ಲಿಖಿತ ಸೂಚನೆಯ ಕೊನೆಗೆ ‘ಈ ಹಿಂದೆ ಕೆಲವು ಕಡತಗಳಲ್ಲಿ ಅಂಜೂರ ಎಂದು ನಮೂದಾಗಿದ್ದುದು ಇದೇ ವಿಷಯ’ ಎಂದು ಒಂದು ಸಾಲು ಇರಲಿ. ಇಲ್ಲದಿದ್ದರೆ ಇದು ಬೇರೆ, ಅಂಜೂರ ಬೇರೆ, ಇನ್ನೂ ಏನೋ ಕಾದಿದೆ ಎಂಬ ಅನುಮಾನ ಉಳಿದುಬಿಡುತ್ತದೆ.

ಫೋಲ್ಡರಿಗೆ ನಿಜವಾದ ಹೆಸರು ಕೊಡಿ. ಗುಟ್ಟಿನ ಹೆಸರು ಬೋರ್ಡಿಗೋ ಇನ್‌ವಾಯ್ಸಿಗೋ ಏರದಂತೆ ಮಾರಾಟ ವಿಭಾಗಕ್ಕೆ ಹೇಳಿಡಿ. ‘ಹಲಸು ಬ್ರಾಕೆಟ್’ ಎಂದು ಗಿರಾಕಿಗೆ ಬಿಲ್ಲು ಹೋದರೆ ಅವರ ಕಡೆ ಅದೊಂದು ಭಾಗವೇ ಇಲ್ಲ, ಹಣ ನಿಲ್ಲುತ್ತದೆ. ನೋಟ್‌ಬುಕ್ಕಿನ ಪುಟಕ್ಕೆ ಅಡ್ಡಗೆರೆ ಎಳೆದು ದಿನಾಂಕ ಹಾಕಿ, ಎಕ್ಸೆಲ್ ಪಟ್ಟಿಯಲ್ಲಿ ಆ ಹೆಸರನ್ನು ಅಳಿಸಿ ಅದರ ಜಾಗದಲ್ಲಿ ಪಟ್ಟಿಯ ಕೊನೆಯ ಹೆಸರನ್ನು ಬರೆದು, ಕೊನೆಯ ಕೋಶವನ್ನು ಖಾಲಿ ಮಾಡಿ, ಸೂತ್ರದ ಕೊನೆಯ ಸಂಖ್ಯೆಯನ್ನು ಒಂದು ಕಡಿಮೆ ಮಾಡಿ. ಅದನ್ನು ಮರೆತರೆ ಮುಂದೆ ಯಾವತ್ತಾದರೂ ಖಾಲಿ ಸಾಲಿನ ಮೇಲೆ ಚೀಟಿ ಬಿದ್ದು ಹೆಸರಿನ ಬದಲು ಸೊನ್ನೆ ಬರಬಹುದು.